ಕರಿ ಕುರಿ ಮರಿ

ನಮ್ಮ ಬಡಾವಣೆಯ ಮಕ್ಕಳಿಗೆ ನಾಲಿಗೆ ಹೊರಳಿಸುವ ಸ್ಪರ್ಧೆ ಇಟ್ಟಿದ್ದೆವು. ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಮೇಯ್ತಿತ್ತು.’ ಎಲ್ಲರಿಗೂ ಗೊತ್ತಿರುವ ಸಾಲೇ ಅಲ್ವಾ?

ವೇಗಕ್ಕೆ ಅಂಕ ಇರಲಿಲ್ಲ. ವೇಗಕ್ಕೆ ಬಹುಮಾನ ಕೊಟ್ಟರೆ ಮೊದಲೇ ಚುರುಕಾಗಿ ಮಾತಾಡುವ ಮಕ್ಕಳೇ ಗೆಲ್ಲುತ್ತಾರೆ, ಹಿಂಜರಿಯುವವರು ಇನ್ನಷ್ಟು ಹಿಂದೆ ಸರಿಯುತ್ತಾರೆ. ಪ್ರತಿ ಅಕ್ಷರ ಕೇಳಿಸಬೇಕು, ಅಷ್ಟೇ.

ಒಬ್ಬ ಹುಡುಗಿಗೆ ‘ಕುರಿ’ ಎಂದರೆ ‘ಕುಲಿ’ ಆಗುತ್ತಿತ್ತು. ಅವಳಿಗೆ ಸಾಲನ್ನು ಹಿಂದಿನಿಂದ ಕಟ್ಟಿಸಿದೆವು. ಮೊದಲು ‘ಮರಿ’ ಮಾತ್ರ. ಆಮೇಲೆ ‘ಕುರಿ ಮರಿ’, ನಂತರ ‘ಕರಿ ಕುರಿ ಮರಿ’. ಹೀಗೆ ಮಾಡಿದರೆ ಮುಂದೆ ಬರುವ ಮಾತು ಆಗಲೇ ಬಾಯಿಗೆ ಕೂತಿರುತ್ತದೆ, ಭಯ ಕಡಿಮೆ. ‘ರ’ ಬರಲು ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಒಮ್ಮೆ ತಟ್ಟಿ ಬಿಡಬೇಕು. ಅಲ್ಲೇ ಅಂಟಿಕೊಂಡರೆ ‘ಲ’ ಕೇಳಿಸುತ್ತದೆ.

ತೊದಲುವ ಮಕ್ಕಳನ್ನು ಒಂಟಿಯಾಗಿ ನಿಲ್ಲಿಸಲಿಲ್ಲ. ಗುಂಪಿನಲ್ಲಿ ಒಟ್ಟಿಗೆ ಹೇಳುವಾಗ ತೊದಲು ಸಾಮಾನ್ಯವಾಗಿ ತಗ್ಗುತ್ತದೆ. ಆದರೆ ಇದು ಚಿಕಿತ್ಸೆಯಲ್ಲ. ತೊದಲು ಹಾಗೇ ಉಳಿದರೆ ವಾಕ್ ತಜ್ಞರಿಗೆ ತೋರಿಸಲೇಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇದಕ್ಕೆ.

ಪ್ರಾಸದ ಸುತ್ತು ನನಗೆ ಇನ್ನೂ ಇಷ್ಟವಾಯಿತು. ಅಲ್ಲಿ ಕಂಠಪಾಠ ಇಲ್ಲ, ಮಾತು ಮಗುವಿನದೇ. ‘ಬೆಕ್ಕು’ ಕೊಟ್ಟೆವು. ಅದೇ ಹುಡುಗಿ ಸ್ವಲ್ಪ ಯೋಚಿಸಿ, ‘ನಮ್ಮನೆ ಬೆಕ್ಕು, ಅದಕೆಷ್ಟು ಸೊಕ್ಕು!’ ಅಂದಳು. ಆಮೇಲೆ ಯಾರೂ ಕೇಳದೆಯೇ ‘ಚಕ್ಕುಲಿ’ಯೂ ಈ ಪ್ರಾಸಕ್ಕೆ ಸೇರುತ್ತಾ ಅಂತ ಜೋರಾಗಿ ವಾದಕ್ಕಿಳಿದಳು.