ಮೂವತ್ತು ಸೆಕೆಂಡ್, ಮೂರು ಕೂಗು

ಮೈಸೂರಿನಲ್ಲಿ ಗೆಳೆಯನೊಬ್ಬ ಒಂದು ಮಹಡಿ ಬಾಡಿಗೆಗೆ ಹಿಡಿದು ಹದಿನೆಂಟು ಮೇಜು ಹಾಕಿಸಿದ್ದಾನೆ. ಸ್ವಂತವಾಗಿ ದುಡಿಯುವವರು, ಮೂರ್ನಾಲ್ಕು ಜನರ ಸ್ಟಾರ್ಟ್‌ಅಪ್‌ಗಳು ಮೇಜು ಬಾಡಿಗೆಗೆ ಹಿಡಿದು ಅಲ್ಲೇ ಕೂತು ಕೆಲಸ ಮಾಡಲಿ ಎಂಬುದು ಅವನ ಆಸೆ. ಮೂವತ್ತು ಸೆಕೆಂಡಿನ ರೇಡಿಯೊ ಜಾಹೀರಾತು ಬರೆದುಕೊಡುತ್ತೇನೆಂದು ಒಪ್ಪಿಕೊಂಡೆ.

ಮೊದಲ ವಾರ

ವೈಫೈ, ಯುಪಿಎಸ್, ಮೀಟಿಂಗ್ ಕೋಣೆ, ಪಾರ್ಕಿಂಗ್, ಕಾಫಿ, ಎರಡು ಸಲ ಫೋನ್ ನಂಬರ್: ಅವನು ಹೇಳಿದ್ದನ್ನೆಲ್ಲ ತುರುಕಿದೆ. ಸ್ಟಾಪ್‌ವಾಚ್ ಹಿಡಿದು ಓದಿದರೆ 52 ಸೆಕೆಂಡ್. ಇಂಗ್ಲಿಷ್‌ನವರು ಅರ್ಧ ನಿಮಿಷಕ್ಕೆ 75 ಪದ ಎನ್ನುತ್ತಾರೆ. ವಿಭಕ್ತಿಯೆಲ್ಲ ಪದದ ಬಾಲಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸದ್ದುಗಳಿಗೂ ಜಾಗ ಬಿಟ್ಟರೆ ನನಗೆ ದಕ್ಕುವುದು 40 ಪದ. ಫೋನ್ ನಂಬರ್ ಒಂದೇ ಆರು ಸೆಕೆಂಡ್ ತಿನ್ನುತ್ತಿತ್ತು. ಸ್ಕೂಟರ್ ಓಡಿಸುತ್ತಾ ಕೇಳುವವನು ಅದನ್ನು ಎಲ್ಲಿ ಬರೆದುಕೊಳ್ಳಬೇಕು? ತೆಗೆದೆ. ಗೆಳೆಯ ಎರಡು ದಿನ ಮುನಿಸಿಕೊಂಡ.

ಎರಡನೇ ವಾರ

ಸೌಲಭ್ಯಗಳ ಪಟ್ಟಿ ಬಿಟ್ಟು ಒಂದೇ ಪೇಚಾಟ ಹಿಡಿದೆ: ಮನೆಯಿಂದ ಗ್ರಾಹಕರೊಂದಿಗೆ ಮಾತನಾಡುವುದು. ಕುಕ್ಕರ್ ಕೂಗಿನಿಂದ ಶುರು ಮಾಡಿ ಅತ್ತಿಗೆಗೆ ಕೇಳಿಸಿದೆ. ‘ಯಾವ ಕಂಪನಿಯ ಕುಕ್ಕರ್?’ ಎಂದರು. ಕೂಗು ಮೊದಲು ಬಂದರೆ ಕಿವಿ ಅಡುಗೆಮನೆಗೇ ಹೋಗುತ್ತದೆ. ಮಾತನ್ನು ಮುಂದಿಟ್ಟು ಕೂಗನ್ನು ಹಿಂದೆ ತಂದೆ:

ಯುವಕ (ಫೋನಿನಲ್ಲಿ): ವಿನ್ಯಾಸ ಸಿದ್ಧವಾಗಿದೆ ಸರ್. ದರದ ವಿಚಾರ...
(ಕುಕ್ಕರ್ ಕೂಗು)
ಗ್ರಾಹಕ: ಎಲ್ಲಿದ್ದೀರಿ?
ಯುವಕ: ಆಫೀಸಿನಲ್ಲಿ ಸರ್.
(ಮತ್ತೆರಡು ಕೂಗು)
ಅಮ್ಮ (ದೂರದಿಂದ): ಮೂರಾಯಿತು ಕಣೋ, ಒಲೆ ಆರಿಸು!
(ಎರಡು ಸೆಕೆಂಡ್ ಮೌನ)
ನಿರೂಪಕಿ: ನಿಮಗೂ ಒಂದು ಆಫೀಸು ಬೇಕೇ? ಒಂದು ದಿನಕ್ಕೂ ಮೇಜು ಸಿಗುತ್ತದೆ. ಇಲ್ಲಿ ಯಾವ ಕುಕ್ಕರೂ ಕೂಗುವುದಿಲ್ಲ.

ಕೊನೆಗೆ ಜಾಗದ ಹೆಸರು, ಬಡಾವಣೆ. ಒಟ್ಟು 28 ಸೆಕೆಂಡ್. ಆ ಮೌನವನ್ನು ಸಂಗೀತದಿಂದ ತುಂಬಿಸೋಣವೆಂದು ಗೆಳೆಯ ಹಟ ಹಿಡಿದ. ತುಂಬಿಸಿದಾಗ ನಗುವೇ ಬರಲಿಲ್ಲ.

ಮೂರನೇ ವಾರ

ಸ್ಟಾರ್ಟ್‌ಅಪ್‌ನವರಿಗೆ ಕುಕ್ಕರ್ ತಾಗುವುದಿಲ್ಲ, ಅವರ ತಲೆನೋವು ವಿಳಾಸ. ಜಿಎಸ್‌ಟಿ ನೋಂದಣಿಗೆ ಬಾಡಿಗೆ ಕರಾರು ಮತ್ತು ಮಾಲೀಕರ ಹೆಸರಿನ ವಿದ್ಯುತ್ ಬಿಲ್‌ನಂಥ ದಾಖಲೆ ಬೇಕು. ಮನೆ ಮಾಲೀಕರು ಎಷ್ಟೋ ಸಲ ‘ವ್ಯಾಪಾರಕ್ಕೆ ಕೊಡುವುದಿಲ್ಲ’ ಎಂದುಬಿಡುತ್ತಾರೆ. ಹಾಗಾಗಿ ಅವರಿಗೆ ಬೇರೆಯೇ ಸ್ಕ್ರಿಪ್ಟ್.

ಅದರಲ್ಲಿ ‘ಜಿಎಸ್‌ಟಿ ಖಚಿತ’ ಎಂಬ ಸಾಲು ಸೇರಿಸಲು ಗೆಳೆಯ ಕೇಳಿದ. ಒಪ್ಪಲಿಲ್ಲ. ನೋಂದಣಿ ಕೊಡುವುದು ಇಲಾಖೆ, ಅಧಿಕಾರಿ ಸ್ಥಳಕ್ಕೇ ಬಂದು ನೋಡಬಹುದು. ‘ಕರಾರು ಕೊಡುತ್ತೇವೆ, ಬಾಗಿಲಲ್ಲಿ ನಿಮ್ಮ ಬೋರ್ಡ್ ಹಾಕಿಸುತ್ತೇವೆ’ ಎಂದಷ್ಟೇ ಬರೆದೆ. ಅಷ್ಟರಲ್ಲಿ ಗೊತ್ತಾದದ್ದು: ಅವನದೇ ಕರಾರಿನಲ್ಲಿ, ಕಟ್ಟಡದ ಮಾಲೀಕರು ಒಳಬಾಡಿಗೆಗೆ ಕೊಡಲು ಒಪ್ಪಿದ ಮಾತೇ ಇಲ್ಲ. ಅವನು ಮಾಲೀಕರಿಂದ ಒಪ್ಪಿಗೆ ಪತ್ರ ತರುವವರೆಗೆ ಎರಡನೇ ಸ್ಕ್ರಿಪ್ಟ್ ಮೇಜಿನ ಖಾನೆಯಲ್ಲಿದೆ. ಮೊದಲನೆಯದರ ಧ್ವನಿಮುದ್ರಣ ಶನಿವಾರ. ಕುಕ್ಕರ್ ನಮ್ಮ ಮನೆಯದೇ.