ಬೆಳ್ಳಗಿರುವುದೆಲ್ಲ ಕೀವಲ್ಲ

“ಡಾಕ್ಟ್ರೇ, ಬೆಕ್ಕಿನ ಎದೆಯಿಂದ ಬೆಳ್ಳಗೆ ನೀರು ಬಂತು. ಕೀವೇ ಅಲ್ವಾ? ಯಾವ ಆ್ಯಂಟಿಬಯಾಟಿಕ್ ಹಾಕ್ಲಿ?”

ಜೊತೆಗೊಂದು ವಾಟ್ಸಾಪ್ ಫೋಟೋ, ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು. ಆ ಬೆಳಕಿನಲ್ಲಿ ಅಕ್ಕಚ್ಚೂ ಕೀವಿನ ಹಾಗೇ ಕಾಣುತ್ತದೆ. ಬಣ್ಣ ನೋಡಿ ಔಷಧಿ ಹೇಳುವುದಕ್ಕೆ ನಾನೇನು ಬಟ್ಟೆ ಅಂಗಡಿ ಇಟ್ಟಿಲ್ಲ. “ಕೀವೇ ಅಲ್ವಾ” ಎನ್ನುವವರು ಉತ್ತರವನ್ನು ಮೊದಲೇ ನಿರ್ಧರಿಸಿ, ನನ್ನಿಂದ ಬರೀ ಸಹಿ ಕೇಳುತ್ತಿರುತ್ತಾರೆ.

ಮೊದಲು ಆ ದ್ರವದ ಟ್ಯೂಬನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ. ತಳದಲ್ಲಿ ದಪ್ಪ ಗಷ್ಟು ಕೂತು ಮೇಲಿನ ದ್ರವ ತಿಳಿಯಾದರೆ, ಬೆಳ್ಳಗೆ ಕಂಡದ್ದು ಜೀವಕೋಶಗಳಿಂದ. ತಿರುಗಿಸಿದ ಮೇಲೂ ಹಾಲಿನ ಹಾಗೇ ಉಳಿದರೆ ಅದು ಕೊಬ್ಬು, ಅಂದರೆ ಕೈಲ್: ಕರುಳಿನಿಂದ ಕೊಬ್ಬು ಹೊತ್ತು ಬರುವ ದುಗ್ಧರಸ ಎದೆಗೂಡಿಗೆ ಸೋರಿದೆ. ಇದು ಸುಳಿವು ಮಾತ್ರ. ಖಚಿತವಾಗಬೇಕಾದರೆ ದ್ರವದ ಟ್ರೈಗ್ಲಿಸರೈಡನ್ನು ಅದೇ ದಿನ ತೆಗೆದ ಸೀರಮ್ಮಿನದರ ಜೊತೆ ಹೋಲಿಸಬೇಕು. ದ್ರವದಲ್ಲಿ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಅನುಮಾನ ಬೇಡ. ಇನ್ನೊಂದು ಮಾತು: ನಾಲ್ಕು ದಿನ ಊಟ ಬಿಟ್ಟ ಬೆಕ್ಕಿನ ಕೈಲ್ ಬೆಳ್ಳಗೇ ಇರಬೇಕೆಂದಿಲ್ಲ. ಹೊಟ್ಟೆಗೆ ಕೊಬ್ಬು ಹೋಗದಿದ್ದರೆ ಬಿಳುಪು ಎಲ್ಲಿಂದ ಬಂದೀತು?

ಪಯೋಥೊರಾಕ್ಸ್, ಅಂದರೆ ಎದೆಗೂಡಿನಲ್ಲಿ ನಿಜವಾಗಿ ಕೀವು ತುಂಬುವುದು, ಬೇರೆಯೇ ಕಥೆ. ದ್ರವ ಹೆಚ್ಚಾಗಿ ದಪ್ಪಗಿರುತ್ತದೆ, ಒಮ್ಮೊಮ್ಮೆ ಟೊಮೆಟೊ ಸಾರಿನ ಬಣ್ಣ, ಅನೇರೋಬ್ ಬ್ಯಾಕ್ಟೀರಿಯಾ ಇದ್ದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಆದರೆ ತೀರ್ಪು ಕೊಡುವುದು ಸ್ಲೈಡ್. ಅದರ ತುಂಬ ನ್ಯೂಟ್ರೋಫಿಲ್‌ಗಳು, ಅವುಗಳ ನ್ಯೂಕ್ಲಿಯಸ್ ಊದಿಕೊಂಡು ಮಸುಕಾಗಿರುತ್ತದೆ, ಕೋಶದ ಒಳಗೇ ಬ್ಯಾಕ್ಟೀರಿಯಾ ಕಾಣುತ್ತವೆ. ನೀವು ನಿನ್ನೆಯೇ ಆ್ಯಂಟಿಬಯಾಟಿಕ್ ಚುಚ್ಚಿದ್ದರೆ ಬ್ಯಾಕ್ಟೀರಿಯಾ ಕಾಣದೆಯೂ ಹೋಗಬಹುದು. ಆಗ “ಬ್ಯಾಕ್ಟೀರಿಯಾ ಇಲ್ಲ” ಎಂಬ ರಿಪೋರ್ಟಿಗೆ ಕಾರಣ ನೀವೇ. ಮತ್ತು ಕೀವು ಖಚಿತವಾದ ಮೇಲೆ ಬರೀ ಔಷಧಿ ಸಾಲದು, ಎದೆಗೆ ಡ್ರೈನ್ ಹಾಕಿ ಖಾಲಿ ಮಾಡಿಸಬೇಕು.

ನೀರಿನಷ್ಟು ತಿಳಿಯಾದ ಟ್ರಾನ್ಸುಡೇಟ್ ಬಗ್ಗೆ ಯಾರೂ ಫೋಟೋ ಕಳಿಸುವುದಿಲ್ಲ. ಪ್ರೋಟೀನ್ 2.5 ಗ್ರಾಂ/ಡೆಸಿಲೀಟರ್‌ಗಿಂತ ಕಡಿಮೆ, ಕೋಶಗಳು ಮೈಕ್ರೋಲೀಟರ್‌ಗೆ ಸುಮಾರು 1,500ಕ್ಕಿಂತ ಕಡಿಮೆ ಇದ್ದರೆ ಆ ಹೆಸರು. ಅಂಥದ್ದು ಕಂಡರೆ ರಕ್ತದ ಆಲ್ಬುಮಿನ್ ನೋಡಿ. ಹೃದಯ ಸೋತ ಬೆಕ್ಕುಗಳ ದ್ರವ ಸಾಮಾನ್ಯವಾಗಿ ಇದಕ್ಕಿಂತ ತುಸು ಮೇಲೆ, ಮಾಡಿಫೈಡ್ ಟ್ರಾನ್ಸುಡೇಟ್ ಎಂಬ ಗುಂಪಿನಲ್ಲಿ ಬರುತ್ತದೆ.

ನಿಜ ಹೇಳಬೇಕೆಂದರೆ ನನಗೆ ಬೇಕಾದ ಪ್ರಶ್ನೆಯೇ ಬೇರೆ: “ಸೂಜಿ ಹಾಕುವ ಮೊದಲು ಏನೇನು ಸಿದ್ಧ ಇಟ್ಟುಕೊಳ್ಳಲಿ?” ಇದನ್ನು ಯಾರೂ ಕೇಳುವುದಿಲ್ಲ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಒಂದು, ಕೋಶಗಳಿಗೆ. ಗುರುತಿನವರೆಗೆ ತುಂಬಿಸಿ, ನಾಲ್ಕು ಹನಿ ಹಾಕಿದರೆ ಇಡಿಟಿಎಯೇ ಹೆಚ್ಚಾಗಿ ಪ್ರೋಟೀನ್ ಸುಳ್ಳಾಗಿ ಏರುತ್ತದೆ. ಏನೂ ಬೆರೆಸದ ಸ್ಟೆರೈಲ್ ಟ್ಯೂಬ್ ಇನ್ನೊಂದು, ಟ್ರೈಗ್ಲಿಸರೈಡಿಗೆ. ಕಲ್ಚರಿಗೆ ಬೇರೆಯದೇ ಸ್ಯಾಂಪಲ್, ಗಾಳಿ ಹೋಗದಂತೆ ಮುಚ್ಚಿ, ಫ್ರಿಡ್ಜಿಗಿಡದೆ ಕಳಿಸಬೇಕು. ಅನೇರೋಬ್ ಕಲ್ಚರ್ ಬೇಕೆಂದು ಚೀಟಿಯಲ್ಲಿ ಬರೆಯಿರಿ. ಎರಡು ಸ್ಲೈಡ್ ಅಲ್ಲೇ ಎಳೆದು ಒಣಗಿಸಿ, ಏಕೆಂದರೆ ಟ್ಯೂಬಿನಲ್ಲಿ ರಾತ್ರಿ ಕಳೆದ ನ್ಯೂಟ್ರೋಫಿಲ್ ತಾನಾಗಿಯೇ ಊದಿಕೊಂಡು ಕೀವಿನ ವೇಷ ಹಾಕುತ್ತದೆ.

ಒಂದು ಉದಾಹರಣೆ ತಗೊಳ್ಳೋಣ. ಎಂಟು ವರ್ಷದ ಗಂಡು ಬೆಕ್ಕು, ಎದೆಯಿಂದ 140 ಮಿಲಿ ಗುಲಾಬಿ ಬೆರೆತ ಹಾಲಿನಂಥ ದ್ರವ. ರಿಫ್ರಾಕ್ಟೋಮೀಟರಿನಲ್ಲಿ ಪ್ರೋಟೀನ್ 5.2, ಕೋಶ 9,000. ಪಟ್ಟಿ ನೋಡಿದರೆ ಎಕ್ಸುಡೇಟ್, ಅಂದರೆ ಕೀವಿನಂಥ ಉರಿಯೂತದ ದ್ರವಗಳ ಗುಂಪು. ಇಲ್ಲೇ ಎಲ್ಲರೂ ಜಾರುವುದು. ಕೊಬ್ಬಿರುವ ದ್ರವದಲ್ಲಿ ರಿಫ್ರಾಕ್ಟೋಮೀಟರ್ ಪ್ರೋಟೀನನ್ನು ಜಾಸ್ತಿ ತೋರಿಸುತ್ತದೆ, ಆ 5.2ನ್ನು ನಂಬುವಂತಿಲ್ಲ. ಸ್ಲೈಡಿನಲ್ಲಿ ನೂರಕ್ಕೆ 75 ಸಣ್ಣ ಲಿಂಫೋಸೈಟ್‌ಗಳು, ಉಳಿದ ನ್ಯೂಟ್ರೋಫಿಲ್‌ಗಳು ಊದಿಲ್ಲ, ಬ್ಯಾಕ್ಟೀರಿಯಾ ಇಲ್ಲ. ಟ್ರೈಗ್ಲಿಸರೈಡ್ ದ್ರವದಲ್ಲಿ 860, ಸೀರಮ್ಮಿನಲ್ಲಿ 95, ಒಂಬತ್ತು ಪಟ್ಟು. ಕೈಲ್. ಇದೇ ಬೆಕ್ಕಿಗೆ ತಿಂಗಳಲ್ಲಿ ನಾಲ್ಕು ಸಲ ಸೂಜಿ ಹಾಕಿ ಮತ್ತೆ ನೋಡಿದರೆ ಉರಿಯೂತದಿಂದ ನ್ಯೂಟ್ರೋಫಿಲ್‌ಗಳೇ ಮೇಲಾಗಿರಬಹುದು, ಆಗ ಲಿಂಫೋಸೈಟ್ ಎಣಿಸಿ ಫಲವಿಲ್ಲ, ಟ್ರೈಗ್ಲಿಸರೈಡೇ ಗತಿ.

ಕೈಲ್ ಎಂಬುದು ದ್ರವದ ಹೆಸರು, ರೋಗದ ಹೆಸರಲ್ಲ. ಬೆಕ್ಕಿನಲ್ಲಿ ಹೃದಯ ಸೋತಾಗಲೂ ಕೈಲ್ ಸೋರುತ್ತದೆ. ಎದೆಯೊಳಗಿನ ಲಿಂಫೋಮಾ ಗಡ್ಡೆಯಿಂದಲೂ. ಹಾಗಾಗಿ ಮುಂದಿನ ಕೆಲಸ ಎಕೋ. ಎಡ ಏಟ್ರಿಯಮ್ ಹಿಗ್ಗಿ, ಹೃದಯ ಸೋತಿದೆ ಎಂದಾದರೆ ಫ್ಯೂರೋಸೆಮೈಡ್‌ನಿಂದ ಶುರು, ಥೊರಾಸಿಕ್ ಡಕ್ಟ್ ಕಟ್ಟುವ ಸರ್ಜರಿಯ ಮಾತು ಅಲ್ಲಿಗೆ ಬಿಟ್ಟಿತು. ಆ್ಯಂಟಿಬಯಾಟಿಕ್? ಈ ಬೆಕ್ಕಿಗೆ ಯಾವುದೂ ಬೇಡ.