ಸದ್ದು ಹೇಳುತ್ತಿದ್ದುದು ಬೇರೆಯೇ

“ಮೋಟಾರು ಹೋಗಿದೆ ಅಮ್ಮಾ, ಹೊಸದನ್ನೇ ತೆಗೆದುಕೊಳ್ಳಿ. ಸದ್ದು ಕೇಳಿದರೆ ಗೊತ್ತಾಗುವುದಿಲ್ಲವೇ?”

ಸೋಮವಾರ ಬಂದ ರಿಪೇರಿಯವರು ಇಷ್ಟು ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಧೂಳನ್ನು ಸರಿಯಾಗಿ ಎಳೆಯದ ನಮ್ಮ ವ್ಯಾಕ್ಯೂಮ್ ಕ್ಲೀನರಿನ ಸ್ವಿಚ್ ಒತ್ತಿದರು, ಕೇಳಿದರು, ಆರಿಸಿದರು. ಪೈಪನ್ನು ಕಳಚಲೂ ಇಲ್ಲ. ಯಜಮಾನರು ತಲೆಯಾಡಿಸಿದರು. ನನಗೆ ಮಾತ್ರ ಆ ಮಾತು ರಾತ್ರಿಯವರೆಗೂ ಕಿವಿಯಲ್ಲಿ ಉಳಿಯಿತು. ಸದ್ದು ಬದಲಾಗಿತ್ತು, ನಿಜ. ಆದರೆ ಅದು ಸೋತ ಸದ್ದಲ್ಲ. ಮೊದಲಿಗಿಂತ ಏರಿದ ಸದ್ದು.

ಈ ಯಂತ್ರದಲ್ಲಿ ಮೋಟಾರಿನ ಕೆಲಸವೆಂದರೆ ಫ್ಯಾನ್ ತಿರುಗಿಸಿ ಗಾಳಿಯನ್ನು ಸಾಗಿಸುವುದು. ದಾರಿ ಕಟ್ಟಿಕೊಂಡಾಗ ಸಾಗಿಸಲು ಗಾಳಿಯೇ ಇರುವುದಿಲ್ಲ, ಹೊರೆ ಇಳಿಯುತ್ತದೆ, ಫ್ಯಾನ್ ಇನ್ನೂ ಜೋರಾಗಿ ತಿರುಗುತ್ತದೆ. ಕೀರಲು ದನಿ ಬರುವುದು ಅದಕ್ಕೆ. ಸುಟ್ಟ ವಾಸನೆ ಬಂದಿದ್ದರೆ, ಕೆರೆಯುವ ಸದ್ದಿದ್ದರೆ, ಒಳಗೆ ಕಿಡಿ ಕಂಡಿದ್ದರೆ ಅವರ ಮಾತನ್ನು ಒಪ್ಪುತ್ತಿದ್ದೆ. ಅದೊಂದೂ ಇರಲಿಲ್ಲ.

ಮರುದಿನ ಪೈಪನ್ನು ಯಂತ್ರದಿಂದ ಕಳಚಿ, ಅದನ್ನು ಸಿಕ್ಕಿಸುವ ಬಾಯಿಗೆ ಅಂಗೈ ಹಿಡಿದು ಸ್ವಿಚ್ ಹಾಕಿದೆ. ಅಲ್ಲಿ ಎಳೆತ ಜೋರಾಗಿದ್ದರೆ ತೊಂದರೆ ಪೈಪಿನ ಕಡೆಗಿದೆ. ಅಲ್ಲೂ ಸೊರಗಿದ್ದರೆ ಯಂತ್ರದೊಳಗೇ ಏನೋ ಇದೆ. ನನ್ನ ಅಂಗೈಗೆ ಸಿಕ್ಕಿದ್ದು ಸೊರಗಿದ ಎಳೆತ. ಹಾಗೆಂದು ಪೈಪ್ ಸರಿಯಿದೆ ಎಂದಾಗುವುದಿಲ್ಲವಲ್ಲ. ಮಗಳು ಅದನ್ನು ಎತ್ತಿ ಹಿಡಿದು ಮೇಲಿನ ಬಾಯಿಂದ ಒಂದು ನಾಣ್ಯ ಬಿಟ್ಟಳು. ಟಣ್ ಎಂದು ಕೆಳಗೆ ಬೀಳಬೇಕಿತ್ತು. ನಡುವೆಯೇ ನಿಂತಿತು.

ಕೋಲು ತೂರಿಸಿದರೆ ಪೈಪಿನ ತೆಳು ಗೋಡೆ ಹರಿಯುವ ಭಯ. ಆ ಜಾಗವನ್ನು ಹಿಂದೆ ಮುಂದೆ ಬಾಗಿಸುತ್ತಾ, ಕುಲುಕುತ್ತಾ ಹೋದೆವು. ಕೊನೆಗೆ ನಾಣ್ಯದ ಜೊತೆ ಬೂದು ಬಣ್ಣದ ಒಂದು ಉಂಡೆ ಬಿತ್ತು. ಬಿಡಿಸಿದರೆ ಒಳಗೆ ನನ್ನದೇ ಹೇರ್‌ಪಿನ್. ಅದು ಎಂದೋ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಅದಕ್ಕೆ ಕೂದಲು ಸುತ್ತಿ, ಕೂದಲಿಗೆ ದಾರ ಸುತ್ತಿ, ಅದರ ಮೇಲೆ ಧೂಳು ಪದರಪದರವಾಗಿ ಕೂತಿತ್ತು.

ಇನ್ನು ಯಂತ್ರದೊಳಗಿನದು. ಹೊರಗಿನ ಸ್ಪಂಜನ್ನು ನಾನು ಆಗಾಗ ತೊಳೆಯುತ್ತಿದ್ದೆ. ಅದರ ಹಿಂದಿನ ಮಡಿಕೆಮಡಿಕೆಯ ಫಿಲ್ಟರನ್ನು ಮುಟ್ಟಿರಲೇ ಇಲ್ಲ. ಕಳೆದ ತಿಂಗಳು ಗೋಡೆ ಉಜ್ಜಿಸಿದಾಗ ಬಿದ್ದ ಬಿಳಿ ಪುಡಿಯನ್ನೆಲ್ಲ ಇದರಲ್ಲೇ ಎಳೆದಿದ್ದೆ. ಅಷ್ಟು ನಯವಾದ ಪುಡಿ ಮಡಿಕೆಗಳ ಸಂದನ್ನೆಲ್ಲ ಗಾರೆ ಬಳಿದಂತೆ ಮುಚ್ಚಿತ್ತು. ನಮ್ಮದು ತೊಳೆಯಬಹುದಾದ ಫಿಲ್ಟರ್ ಎಂದು ಕೈಪಿಡಿಯಲ್ಲಿ ಓದಿಕೊಂಡೇ ನಲ್ಲಿಗೆ ಹಿಡಿದೆ. ಕಾಗದದ ಫಿಲ್ಟರಾದರೆ ನೀರು ತಾಕಿಸದೆ ಹೊಸದು ಹಾಕುವುದೇ ಸರಿ. ಪೂರ್ತಿ ಒಂದು ದಿನ ನೆರಳಿನಲ್ಲಿ ಒಣಗಿಸಿದೆ. ಯಜಮಾನರು ಸಂಜೆಗೇ ಹಾಕಿ ನೋಡೋಣ ಎಂದು ಅವಸರಪಟ್ಟರು, ನಾನು ಬಿಡಲಿಲ್ಲ. ಒದ್ದೆ ಫಿಲ್ಟರಿಗೆ ಧೂಳು ಕೆಸರಾಗಿ ಮೆತ್ತಿಕೊಳ್ಳುತ್ತದೆ, ತೇವ ಮೋಟಾರಿಗೂ ಹೋಗುತ್ತದೆ.

ಬುಧವಾರ ಜೋಡಿಸಿದಾಗ ಎಳೆತ ಬಂದಿತ್ತು, ಆದರೆ ಮೊದಲಿನಷ್ಟಲ್ಲ. ಎರಡು ತಪ್ಪು ಸಿಕ್ಕ ಮೇಲೆ ಇನ್ನು ಸಾಕು ಎನ್ನಿಸುವುದು ಸಹಜ, ನನಗೂ ಎನ್ನಿಸಿತು. ಆದರೂ ಮತ್ತೆ ಬಾಯನ್ನು ಅಂಗೈಯಿಂದ ಭದ್ರವಾಗಿ ಮುಚ್ಚಿ, ಇನ್ನೊಂದು ಕೈಯನ್ನು ಹಿಂದೆ ಗಾಳಿ ಹೊರಬರುವ ಕಡೆ ಇಟ್ಟೆ. ಒಳಗೆ ಹೋಗುವ ದಾರಿ ಮುಚ್ಚಿದರೆ ಹೊರಬರುವ ಗಾಳಿಯೂ ನಿಲ್ಲಬೇಕು, ಸದ್ದು ಏರಬೇಕು. ಸದ್ದು ಅಷ್ಟಾಗಿ ಏರಲಿಲ್ಲ, ಹಿಂದೆ ಗಾಳಿ ಬರುತ್ತಲೇ ಇತ್ತು. ಅಂದರೆ ಬೇರೆಲ್ಲಿಂದಲೋ ಒಳಗೆ ನುಗ್ಗುತ್ತಿದೆ. ಮೋಟಾರನ್ನು ತಂಪಾಗಿಡುವುದು ಆ ಗಾಳಿಯೇ ಆದ್ದರಿಂದ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಮುಚ್ಚಬಾರದು. ಕೆಲವು ಯಂತ್ರಗಳಲ್ಲಿ ದಾರಿ ಕಟ್ಟಿದಾಗ ತಾನೇ ತೆರೆಯುವ ರಕ್ಷಣಾ ಕವಾಟವೂ ಇರುತ್ತದೆ, ಅವುಗಳಲ್ಲಿ ಈ ಪರೀಕ್ಷೆ ದಾರಿ ತಪ್ಪಿಸೀತು. ನಮ್ಮದರಲ್ಲಿ ಅದಿಲ್ಲ.

ಟಿಶ್ಯೂ ಕಾಗದದಿಂದ ಬೆರಳಗಲದ ಪಟ್ಟಿ ಹರಿದು, ಯಂತ್ರ ಓಡುತ್ತಿರುವಾಗ ಜೋಡಣೆಗಳ ಉದ್ದಕ್ಕೂ ನಿಧಾನವಾಗಿ ಸರಿಸಿದೆ. ಧೂಳಿನ ಡಬ್ಬಿ ಕೂರುವ ಎಡ ಮೂಲೆಯಲ್ಲಿ ಪಟ್ಟಿಯ ತುದಿ ಸರಕ್ಕನೆ ಒಳಕ್ಕೆ ಬಾಗಿ ಅಂಟಿಕೊಂಡಿತು. ಪ್ಲಗ್ ತೆಗೆದು ಡಬ್ಬಿ ಎತ್ತಿ ನೋಡಿದರೆ ರಬ್ಬರಿನ ಸುತ್ತುಪಟ್ಟಿ ಒಂದು ಅಂಗುಲದಷ್ಟು ತನ್ನ ಕಾಲುವೆಯಿಂದ ಎದ್ದಿತ್ತು, ಅಡಿಯಲ್ಲಿ ಅದೇ ಬಿಳಿ ಪುಡಿಯ ಹೆಂಟೆ. ಒರೆಸಿ, ಹೆಬ್ಬೆರಳಿನಿಂದ ಒತ್ತಿ ಕೂರಿಸಿದೆ. ಈ ಸಲ ಬಾಯಿ ಮುಚ್ಚಿದೊಡನೆ ಅಂಗೈಯನ್ನು ಹಿಡಿದೆಳೆಯಿತು, ಹಿಂದಿನ ಗಾಳಿ ನಿಂತಿತು.

ಆ ಮನುಷ್ಯ ಮೋಸಗಾರರೆಂದು ನನಗೆ ಅನ್ನಿಸುವುದಿಲ್ಲ. ದಿನಕ್ಕೆ ಹತ್ತು ಮನೆ ಸುತ್ತುವವರಿಗೆ ಪರಿಚಿತ ಸದ್ದೊಂದು ಸಾಕಾಗಿಬಿಡುತ್ತದೆ. ಆದರೆ ಅವರ ಮಾತು ನಂಬಿ ಎಷ್ಟು ಮನೆಗಳಲ್ಲಿ ಒಳ್ಳೆಯ ಮೋಟಾರುಗಳು ಕಸಕ್ಕೆ ಹೋಗಿವೆಯೋ ಎಂಬ ಸಂಕಟ ಮಾತ್ರ ಹೋಗಲಿಲ್ಲ. ನಿನ್ನೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೈಪಿನ ಯಾವ ಜಾಗದಲ್ಲಿ ಸಿಕ್ಕಿತ್ತು ಅಮ್ಮಾ?” ಎಂದು ಕೇಳಿದರು. ಹಿಡಿಯ ಬಾಗಿಗಿಂತ ಒಂದು ಗೇಣು ಕೆಳಗೆ ಎಂದೆ.